ನಾಲ್ಕು ಗ್ರೂಪ್ ಸುತ್ತಿದರೂ ಕೆಡದ ನೋಟಿಸು: ವಾಟ್ಸಾಪಿನಲ್ಲಿ ದಪ್ಪ ಅಕ್ಷರ, ಪಟ್ಟಿ, ಸಾಲು ಬಿಡುವುದು

ನಮ್ಮ ಅಪಾರ್ಟ್‌ಮೆಂಟಿನಲ್ಲಿ ಸಂಪ್ ತೊಳೆಸುವ ನೋಟಿಸು ಬರೆಯುವ ಕೆಲಸ ಒಮ್ಮೆ ನನ್ನ ಪಾಲಿಗೆ ಬಂತು. ಫೋನಿನಲ್ಲೇ ಕನ್ನಡದಲ್ಲಿ ಬರೆದೆ. ಮೇಲಿನ ಮನೆಯವರು ಅದನ್ನು ಕಾಪಿ ಮಾಡಿ ಇಂಗ್ಲಿಷಿಗೆ ತಿರುಗಿಸಿದರು. ಇನ್ಯಾರೋ ಅದನ್ನು ತಮಿಳಿಗೆ ತಂದರು. ಸಂಜೆ ಹೊತ್ತಿಗೆ ತಿರುಗಿ ನನ್ನ ಫೋನಿಗೇ ಬಂದಾಗ ನೋಡಿದರೆ ಎಲ್ಲೆಂದರಲ್ಲಿ ನಕ್ಷತ್ರ ಚಿಹ್ನೆಗಳು, ಸಾಲುಗಳು ಅರ್ಧಕ್ಕೆ ಮುರಿದಿದ್ದವು, ಯಾವ ದಿನ ಅನ್ನೋದೇ ತಿಳಿಯುತ್ತಿರಲಿಲ್ಲ. ತಪ್ಪು ಅವರದ್ದಲ್ಲ, ನಾನು ಬರೆದ ರೀತಿಯದ್ದು. ನಾನು ಬರೆದದ್ದು ಹೀಗಿತ್ತು:

```
ಈ *ಭಾನುವಾರ*ದಂದು ಬೆಳಿಗ್ಗೆ * 9 ರಿಂದ 1 * ಗಂಟೆ
ವರೆಗೆ ಸಂಪ್ ಕ್ಲೀನಿಂಗ್ ಇರುವುದರಿಂದ *ಎಲ್ಲರೂ
ಶನಿವಾರವೇ* ನೀರು ಹಿಡಿದಿಟ್ಟುಕೊಳ್ಳಿ
```

ಮೂರೇ ಸಾಲು, ಆದರೆ ತಪ್ಪು ನಾಲ್ಕು. ಇದೇ ನೋಟಿಸನ್ನು ತಿದ್ದುತ್ತಾ ಹೋಗೋಣ.

ಮೊದಲು ನಕ್ಷತ್ರದ ನಿಯಮ

ವಾಟ್ಸಾಪಿನಲ್ಲಿ ದಪ್ಪ ಅಕ್ಷರ ಬೇಕಾದರೆ ಪದದ ಹಿಂದೆ ಮುಂದೆ ಒಂದೊಂದು ನಕ್ಷತ್ರ ಹಾಕಬೇಕು. ಇದು ಬಹಳ ಜನಕ್ಕೆ ಗೊತ್ತು. ಗೊತ್ತಿಲ್ಲದ್ದು ಏನೆಂದರೆ, ನಕ್ಷತ್ರ ಅಕ್ಷರಕ್ಕೆ ಅಂಟಿಕೊಂಡೇ ಇರಬೇಕು. ಒಳಗಡೆ ಜಾಗ ಬಿಟ್ಟರೆ ಅದು ಕೆಲಸ ಮಾಡುವುದಿಲ್ಲ. ನನ್ನ ನೋಟಿಸಿನ `* 9 ರಿಂದ 1 *` ದಪ್ಪವಾಗದೆ ನಕ್ಷತ್ರ ಸಮೇತ ಕಂಡದ್ದು ಇದಕ್ಕೇ. ಇನ್ನೊಂದು, ಈ ದಪ್ಪ ಒಂದು ಸಾಲು ದಾಟುವುದಿಲ್ಲ. ಒಂದು ಸಾಲಿನಲ್ಲಿ ತೆರೆದ ನಕ್ಷತ್ರವನ್ನು ಎಂಟರ್ ಒತ್ತಿ ಮುಂದಿನ ಸಾಲಿನಲ್ಲಿ ಮುಚ್ಚಿದರೆ ಎರಡೂ ಸುಮ್ನೆ ನಕ್ಷತ್ರಗಳಾಗಿಯೇ ಉಳಿಯುತ್ತವೆ. `*ಎಲ್ಲರೂ ಶನಿವಾರವೇ*` ಕೆಟ್ಟಿದ್ದು ಹಾಗೆ. ಮೂರು ಸಾಲು ದಪ್ಪ ಬೇಕಾದರೆ ಮೂರಕ್ಕೂ ಬೇರೆ ಬೇರೆ ಜೋಡಿ ಹಾಕಬೇಕು.

ಮೂರನೆಯ ತಪ್ಪು ಕನ್ನಡದವರಿಗೇ ಹೆಚ್ಚಾಗಿ ಬರುವ ತಪ್ಪು. ಇಂಗ್ಲಿಷಿನಲ್ಲಿ ದಿನದ ಹೆಸರು ಒಂದು ಪದವಾಗಿ ನಿಲ್ಲುತ್ತದೆ, "ಆನ್", "ಟು" ಎಲ್ಲ ಅದರ ಮುಂದೆ ಬೇರೆಯಾಗಿ ಬರುತ್ತವೆ. ಹಾಗಾಗಿ ದಿನಕ್ಕೆ ಮಾತ್ರ ನಕ್ಷತ್ರ ಹಾಕಿದರೆ ಸಾಕು. ನಮ್ಮಲ್ಲಿ ಹಾಗಲ್ಲ. ಭಾನುವಾರದಂದು, ಮನೆಗೆ, ಬ್ಲಾಕಿನಲ್ಲಿ. ಪ್ರತ್ಯಯ ಪದಕ್ಕೇ ಅಂಟಿಕೊಳ್ಳುತ್ತದೆ. `*ಭಾನುವಾರ*ದಂದು` ಎಂದು ಬರೆದರೆ ಮುಚ್ಚುವ ನಕ್ಷತ್ರದ ಬೆನ್ನಿಗೇ ಅಕ್ಷರ ಬಂತು. ಪದ ಮುಗಿದಿಲ್ಲ ಎಂದುಕೊಂಡು ಆ್ಯಪ್ ಅದನ್ನು ದಪ್ಪ ಮಾಡದೆ ಬಿಡಬಹುದು. ಮುಚ್ಚುವ ನಕ್ಷತ್ರದ ನಂತರ ಖಾಲಿ ಜಾಗ, ಅಲ್ಪವಿರಾಮ, ಪೂರ್ಣವಿರಾಮ ಅಥವಾ ಸಾಲಿನ ಕೊನೆ ಇರಬೇಕು. ಆದ್ದರಿಂದ ಪ್ರತ್ಯಯವನ್ನೂ ಒಳಗೇ ಸೇರಿಸಿ: `*ಭಾನುವಾರದಂದು*`.

ಇದಕ್ಕಿಂತ ಕಷ್ಟದ್ದು "ಬೇಡ", "ಇಲ್ಲ". ಇಂಗ್ಲಿಷ್ ನೋಟಿಸಿನಲ್ಲಿ `Do *not* drink` ಎಂದು ಇರುತ್ತದೆ. ಬರೀ "ನಾಟ್" ಎತ್ತಿ ತೋರಿಸಿದ್ದಾರೆ. ಕನ್ನಡದಲ್ಲಿ ಆ "ನಾಟ್" ಎಲ್ಲಿದೆ ಹೇಳಿ? ಕ್ರಿಯಾಪದದ ಬಾಲದಲ್ಲಿ. `ಕುಡಿಯ*ಬೇಡಿ*` ಎಂದು ಹಾಕಿದರೆ ತೆರೆಯುವ ನಕ್ಷತ್ರ ಪದದ ನಡುವೆ ಸಿಕ್ಕಿಕೊಳ್ಳುತ್ತದೆ. ಇಡೀ ಪದವನ್ನೇ ತೆಗೆದುಕೊಳ್ಳಿ: `*ಕುಡಿಯಬೇಡಿ*`. ಅದೇ ಇಂಗ್ಲಿಷ್ ನೋಟಿಸಿನಲ್ಲಿ ನಕ್ಷತ್ರದ ಬದಲು `DO NOT` ಎಂದು ದೊಡ್ಡಕ್ಷರ ಬಳಸಿದ್ದರೆ ಇನ್ನೂ ಹುಷಾರಾಗಿರಿ. ಕನ್ನಡದಲ್ಲಿ ದೊಡ್ಡಕ್ಷರ ಚಿಕ್ಕಕ್ಷರ ಅನ್ನೋದೇ ಇಲ್ಲ, ಹಾಗಾಗಿ ಆ ಒತ್ತು ಅನುವಾದದಲ್ಲಿ ಸದ್ದಿಲ್ಲದೆ ಮಾಯವಾಗುತ್ತದೆ. ಅದನ್ನು ನಾವೇ ಹುಡುಕಿ ನಕ್ಷತ್ರವಾಗಿ ಹಾಕಬೇಕು.

ಎಂಟರ್ ಎಲ್ಲಿ ಒತ್ತಬೇಕು

ನಾಲ್ಕನೆಯ ತಪ್ಪು "ಗಂಟೆ" ಮತ್ತು "ವರೆಗೆ" ನಡುವೆ ಒತ್ತಿದ ಎಂಟರ್. ನನ್ನ ಪರದೆಯಲ್ಲಿ ಸಾಲುಗಳು ಸಮನಾಗಿ ಕಾಣಲಿ ಅಂತ ಒತ್ತಿದ್ದೆ. ಆದರೆ ಪಕ್ಕದ ಮನೆಯ ಅಜ್ಜಿಯ ಫೋನಿನಲ್ಲಿ ಅಕ್ಷರ ದೊಡ್ಡದು ಮಾಡಿಟ್ಟಿದ್ದಾರೆ. ಅವರಿಗೆ ಪ್ರತಿ ಸಾಲೂ ಮುಕ್ಕಾಲು ಹೋಗಿ ಮಡಚಿ, ಉಳಿದ ಒಂದು ಪದ ಕೆಳಗೆ ಒಂಟಿಯಾಗಿ ನಿಂತಿತ್ತು. ಸಾಲು ಮಡಚುವುದು ಫೋನಿನ ಕೆಲಸ, ಅದಕ್ಕೇ ಬಿಡಿ.

ನೋಟ ಕೆಡುವುದು ಹೋಗಲಿ, ಅನುವಾದದಲ್ಲಿ ಅರ್ಥವೇ ಕೆಡುತ್ತದೆ. ಅನುವಾದದ ಆ್ಯಪ್‌ಗಳು ಎಂಟರ್ ಕಂಡಲ್ಲಿ ಸಾಮಾನ್ಯವಾಗಿ ಮಾತು ಮುಗಿಯಿತು ಎಂದುಕೊಳ್ಳುತ್ತವೆ. ಪಿಡಿಎಫಿನಿಂದ ಕಾಪಿ ಮಾಡಿದ ಇಂಗ್ಲಿಷ್ ಸಾಲು ಹೀಗಿದೆ ಎಂದುಕೊಳ್ಳಿ:

```
Please do not use the water
from the tap until 2 PM.
```

ಇದು ಕನ್ನಡಕ್ಕೆ ಹೀಗೆ ಬರಬಹುದು:

```
ದಯವಿಟ್ಟು ನೀರನ್ನು ಬಳಸಬೇಡಿ
ಮಧ್ಯಾಹ್ನ 2 ಗಂಟೆಯವರೆಗೆ ನಲ್ಲಿಯಿಂದ.
```

ಮೊದಲ ಸಾಲು ಓದಿದವರು ನೀರೇ ಮುಟ್ಟಬಾರದು ಎಂದುಕೊಳ್ಳುತ್ತಾರೆ. ಎರಡನೆಯದು ಎಲ್ಲಿಗೂ ಸೇರದ ತುಂಡು. ಇಂಗ್ಲಿಷಿನಲ್ಲಿ ಕ್ರಿಯಾಪದ ಮೊದಲೇ ಬಂದುಬಿಡುತ್ತದೆ, ನಮ್ಮಲ್ಲಿ ಕೊನೆಗೆ ಬರುತ್ತದೆ. ವಾಕ್ಯ ಪೂರ್ತಿ ಒಂದೇ ಸಾಲಿನಲ್ಲಿದ್ದರೆ ಮಾತ್ರ ಅದು ಕೊನೆಗೆ ಹೋಗಿ ಕೂರಬಲ್ಲದು. ಆದ್ದರಿಂದ ವಾಕ್ಯ ಮುಗಿದ ಮೇಲೆ ಮಾತ್ರ ಎಂಟರ್. ವಿಷಯ ಬದಲಾದರೆ ಎರಡು ಎಂಟರ್, ಅಂದರೆ ನಡುವೆ ಒಂದು ಖಾಲಿ ಸಾಲು. ಪಿಡಿಎಫಿನಿಂದ ತಂದದ್ದಾದರೆ ಅನುವಾದಕ್ಕೆ ಹಾಕುವ ಮೊದಲೇ ಮುರಿದ ಸಾಲುಗಳನ್ನು ಕೂಡಿಸಿಕೊಳ್ಳಿ.

ಕಂಪ್ಯೂಟರಿನಲ್ಲಿ ವಾಟ್ಸಾಪ್ ಬಳಸುವವರಿಗೆ ಒಂದು ಮಾತು. ಅಲ್ಲಿ ಎಂಟರ್ ಒತ್ತಿದರೆ ಮೆಸೇಜು ಹೋಗಿಬಿಡುತ್ತದೆ. ಹೊಸ ಸಾಲಿಗೆ `Shift` ಹಿಡಿದು `Enter` ಒತ್ತಬೇಕು. ಅರ್ಧ ನೋಟಿಸು ಗ್ರೂಪಿಗೆ ಹೋಗಿ, "ಕ್ಷಮಿಸಿ, ಇನ್ನೂ ಇದೆ" ಎಂದು ಬರೆದ ಅನುಭವ ನನಗೂ ಇದೆ.

ದಪ್ಪವನ್ನು ವಾಕ್ಯದ ಒಳಗಿಂದ ಸಾಲಿನ ತಲೆಗೆ ತನ್ನಿ

ಇಷ್ಟೆಲ್ಲ ನಿಯಮ ನೆನಪಿಟ್ಟುಕೊಳ್ಳುವುದಕ್ಕಿಂತ ಸುಲಭದ ದಾರಿ ಒಂದಿದೆ. ವಾಕ್ಯದೊಳಗಿನ ಪದಗಳನ್ನು ದಪ್ಪ ಮಾಡುವುದನ್ನೇ ಆದಷ್ಟು ಬಿಟ್ಟುಬಿಡಿ. ಅದರ ಬದಲು ಪ್ರತಿ ವಿಷಯಕ್ಕೂ ಒಂದು ಸಾಲು ಕೊಟ್ಟು, ಸಾಲಿನ ತಲೆಯಲ್ಲಿ ಒಂದು ಚಿಕ್ಕ ಹೆಸರು ಬರೆದು, ಆ ಹೆಸರನ್ನು ಮಾತ್ರ ದಪ್ಪ ಮಾಡಿ. ನನ್ನ ನೋಟಿಸು ಈಗ ಹೀಗಾಗುತ್ತದೆ:

```
*ಸಂಪ್ ತೊಳೆಯುವ ಕೆಲಸ*

*ದಿನ:* ಭಾನುವಾರ, ಏಪ್ರಿಲ್ 12
*ಸಮಯ:* ಬೆಳಿಗ್ಗೆ 9 ರಿಂದ ಮಧ್ಯಾಹ್ನ 1
*ಎಲ್ಲಿ:* ಎ ಮತ್ತು ಬಿ ಬ್ಲಾಕ್

*ನೀವು ಮಾಡಬೇಕಾದ್ದು:*
- ಶನಿವಾರ ರಾತ್ರಿಯೇ ನೀರು ಹಿಡಿದಿಡಿ.
- ಭಾನುವಾರ ಮಧ್ಯಾಹ್ನ 2 ರವರೆಗೆ ನಲ್ಲಿ ನೀರು *ಕುಡಿಯಬೇಡಿ*.
- ಮೊದಲು ಬರುವ ಎರಡು ಬಕೆಟ್ ನೀರು ಚೆಲ್ಲಿಬಿಡಿ.
```

"ದಿನ", "ಸಮಯ", "ಎಲ್ಲಿ" ಇವಕ್ಕೆ ಪ್ರತ್ಯಯವೇ ಇಲ್ಲ. ಹಿಂದೆ ಸಾಲಿನ ಆರಂಭ, ಮುಂದೆ ಖಾಲಿ ಜಾಗ. ನಕ್ಷತ್ರ ಸಿಕ್ಕಿಕೊಳ್ಳಲು ಆಸ್ಪದವೇ ಇಲ್ಲ. ಇನ್ನೂ ದೊಡ್ಡ ಲಾಭ ಭಾಷೆ ಬದಲಾದಾಗ ಕಾಣುತ್ತದೆ. ವಾಕ್ಯದಲ್ಲಾದರೆ ಇಂಗ್ಲಿಷಿಗೆ ಹೋದಾಗ ಪದಗಳು ಹಿಂದುಮುಂದಾಗುತ್ತವೆ, ನಕ್ಷತ್ರ ಯಾವುದಕ್ಕೋ ಅಂಟಿಕೊಳ್ಳುತ್ತದೆ. ಇಲ್ಲಿ ಸಾಲಿನ ತಲೆ ಎಲ್ಲ ಭಾಷೆಯಲ್ಲೂ ತಲೆಯಾಗಿಯೇ ಉಳಿಯುತ್ತದೆ:

```
*Date:* Sunday, April 12
*Time:* 9 AM to 1 PM
*Where:* A and B blocks
```

ತಿಂಗಳನ್ನು ಹೆಸರಿನಿಂದಲೇ ಬರೆಯಿರಿ. 12/4 ಎಂದು ಹಾಕಿದರೆ ನಮಗೆ ಏಪ್ರಿಲ್ 12, ಅಮೆರಿಕದಲ್ಲಿರುವ ಮನೆ ಮಾಲೀಕರಿಗೆ ಡಿಸೆಂಬರ್ 4. "ಬೆಳಿಗ್ಗೆ", "ಮಧ್ಯಾಹ್ನ" ಕೂಡ ಹಾಗೇ, ಬಿಡಬೇಡಿ.

ದಪ್ಪ ಕಡಿಮೆ ಇದ್ದಷ್ಟೂ ಒಳ್ಳೆಯದು ಎನ್ನಲು ನಮ್ಮ ಲಿಪಿಯೂ ಒಂದು ಕಾರಣ. ದ ಮತ್ತು ಧ, ಪ ಮತ್ತು ಫ ನಡುವಿನ ವ್ಯತ್ಯಾಸ ಒಂದು ಚಿಕ್ಕ ಗೀರು. ಚಿಕ್ಕ ಪರದೆಯಲ್ಲಿ ಅಕ್ಷರ ದಪ್ಪವಾದರೆ ಆ ಗೀರು ತುಂಬಿಹೋಗುತ್ತದೆ, ಒತ್ತಕ್ಷರಗಳು ಮುದ್ದೆಯಾಗುತ್ತವೆ. ಇಡೀ ನೋಟಿಸನ್ನೇ ದಪ್ಪ ಮಾಡುವವರು ಇದ್ದಾರೆ, ಅವರ ನೋಟಿಸು ಓದಲು ಕನ್ನಡಕ ಬದಲಾಯಿಸಬೇಕು. ಅಡ್ಡಗೆರೆ ಅಂದರೆ `_ಹೀಗೆ_` ಹಾಕಿ ಅಕ್ಷರ ಓರೆ ಮಾಡುವುದನ್ನಂತೂ ನಾನು ಕನ್ನಡದಲ್ಲಿ ಮಾಡುವುದೇ ಇಲ್ಲ. ಗುಂಡಗಿನ ಅಕ್ಷರವನ್ನು ಸುಮ್ನೆ ಪಕ್ಕಕ್ಕೆ ತಳ್ಳಿದ ಹಾಗೆ ಕಾಣುತ್ತದೆ.

ಹೊಡೆದುಹಾಕುವ ಗೆರೆ, ಅಂದರೆ `~9~`, ನೋಟಿಸಿನಲ್ಲಿ ಅಪಾಯದ್ದು. ಸಮಯ ಬದಲಾಯಿತು ಎಂದು `~9~ 10` ಎಂದು ಬರೆದರೆ ವಾಟ್ಸಾಪಿನಲ್ಲಿ ಸರಿ ಕಾಣುತ್ತದೆ. ಬೇರೆ ಕಡೆ ಅಂಟಿಸಿದರೆ ಗೆರೆ ಇರುವುದಿಲ್ಲ, ಎರಡೂ ಸಂಖ್ಯೆ ಉಳಿಯುತ್ತವೆ. ಹಳೆಯದನ್ನು ಅಳಿಸಿ "ಸಮಯ ಬದಲಾಗಿದೆ" ಎಂದು ಹೊಸ ಮೆಸೇಜೇ ಹಾಕಿ.

ಪಟ್ಟಿಗೆ ಯಾವ ಚಿಹ್ನೆ

2024ರ ಆರಂಭದಲ್ಲಿ ವಾಟ್ಸಾಪ್‌ಗೆ ಪಟ್ಟಿ ಮಾಡುವ ಸೌಕರ್ಯ ಬಂತು. ಸಾಲಿನ ಮೊದಲಿಗೆ `-` ಅಥವಾ `*` ಹಾಕಿ ಒಂದು ಜಾಗ ಬಿಟ್ಟರೆ ಅದು ಗುಂಡು ಚುಕ್ಕಿಯಾಗುತ್ತದೆ. `1.` ಹಾಕಿ ಜಾಗ ಬಿಟ್ಟರೆ ಸಂಖ್ಯೆಯ ಪಟ್ಟಿ. ಜಾಗ ಬಿಡುವುದನ್ನು ಮರೆತರೆ ಏನೂ ಆಗುವುದಿಲ್ಲ.

ಈ ಎರಡರಲ್ಲಿ ನಾನು ಕಿರುಗೆರೆಯನ್ನೇ ಬಳಸುತ್ತೇನೆ. ನಕ್ಷತ್ರ ಆಗಲೇ ದಪ್ಪದ ಕೆಲಸಕ್ಕೆ ನಿಂತಿದೆ. `* *ದಿನ:* ಭಾನುವಾರ` ಎಂಬ ಸಾಲಿನಲ್ಲಿ ಮೂರು ನಕ್ಷತ್ರ. ಕಾಪಿ ಮಾಡುವಾಗ ಒಂದು ಬಿದ್ದುಹೋದರೆ ಯಾವುದು ಯಾವುದಕ್ಕೆ ಜೋಡಿ ಎಂದು ಯಾರಿಗೂ ತಿಳಿಯುವುದಿಲ್ಲ. ಕಿರುಗೆರೆ ಹಾಗಲ್ಲ. ವಾಟ್ಸಾಪಿನಲ್ಲಿ ಚುಕ್ಕಿಯಾಗಿ ಕಾಣುತ್ತದೆ, ಬೇರೆಡೆ ಕಿರುಗೆರೆಯಾಗಿಯೇ ಉಳಿಯುತ್ತದೆ. ಎರಡೂ ಕಡೆ ಅದು ಪಟ್ಟಿ ಎಂದು ಗೊತ್ತಾಗುತ್ತದೆ.

ಕೀಬೋರ್ಡಿನಲ್ಲೇ ಸಿಗುವ `•` ಚುಕ್ಕಿಯನ್ನು ನೇರವಾಗಿ ಹಾಕಬಹುದಲ್ವಾ ಎಂದು ಕೇಳುತ್ತಾರೆ. ಜಿಬೋರ್ಡಿನಲ್ಲಿ ಚಿಹ್ನೆಗಳ ಎರಡನೆಯ ಪುಟದಲ್ಲಿ ಅದು ಇದೆ. ಹಾಕಬಹುದು, ಎಲ್ಲ ಕಡೆ ಹಾಗೇ ಉಳಿಯುತ್ತದೆ. ಆದರೆ ಎಸ್ಸೆಮ್ಮೆಸ್‌ಗೆ ಹೋದರೆ ತೊಂದರೆ, ಅದಕ್ಕೆ ಆಮೇಲೆ ಬರುತ್ತೇನೆ. ಇನ್ನು ೧, ೨, ೩ ಎಂದು ಕನ್ನಡ ಅಂಕಿ ಹಾಕಿದರೆ ನನ್ನ ಫೋನಿನಲ್ಲಿ ಅದು ಪಟ್ಟಿಯಾಗಿ ಜೋಡಣೆಯಾಗುವುದಿಲ್ಲ, ಬರೆದ ಹಾಗೇ ನಿಲ್ಲುತ್ತದೆ. ಓದಲು ತೊಂದರೆಯೇನಿಲ್ಲ.

ಒಂದು ವಿಚಿತ್ರ ಸಂದರ್ಭ ನೆನಪಾಯಿತು. ಇಂಟರ್ನೆಟ್ ಇಲ್ಲದೆ ಹಣ ಕಳಿಸುವ `*99#` ಬಗ್ಗೆ ಒಂದು ಸಾಲು ಬರೆದು, ಅದೇ ಸಾಲಿನ ಕೊನೆಗೆ ಇನ್ನೊಂದು ಪದವನ್ನು ದಪ್ಪ ಮಾಡಿದೆ. ಆ್ಯಪ್ ಸಂಖ್ಯೆಯ ಮುಂದಿನ ನಕ್ಷತ್ರವನ್ನೇ ದಪ್ಪದ ಆರಂಭ ಎಂದುಕೊಂಡಿತು. ಓದುವವರಿಗೆ ಬರೀ 99# ಕಂಡಿತು. ಇಂಥ ಸಂಖ್ಯೆಯ ಎರಡೂ ಬದಿಗೆ ಹಿಮ್ಮುಖ ಉದ್ಧರಣ ಚಿಹ್ನೆ ( ` ) ಹಾಕಿ. ಅದರೊಳಗಿನ ನಕ್ಷತ್ರವನ್ನು ವಾಟ್ಸಾಪ್ ಮುಟ್ಟುವುದಿಲ್ಲ.

ಬರೆಯುವುದರಿಂದ ಕಳಿಸುವವರೆಗೆ, ಕ್ರಮವಾಗಿ

ಫೋನಿನ ನೋಟ್ಸ್ ಅಥವಾ ಕಂಪ್ಯೂಟರಿನ ನೋಟ್‌ಪ್ಯಾಡ್‌ನಲ್ಲಿ ಶುರು ಮಾಡಿ. ವರ್ಡ್ ಬೇಡ. ಅಲ್ಲಿ ಮಾಡಿದ ದಪ್ಪ ವಾಟ್ಸಾಪಿಗೆ ಬರುವುದಿಲ್ಲ. ಅದರ ಮೇಲೆ ವರ್ಡ್ ತನ್ನಷ್ಟಕ್ಕೆ ಕಿರುಗೆರೆಯನ್ನು ಉದ್ದ ಗೆರೆ ಮಾಡುತ್ತದೆ, ಸಾಲಿನ ಮೊದಲಿನ `-` ಅನ್ನು ತನ್ನದೇ ಪಟ್ಟಿಯ ಗುರುತು ಮಾಡಿ ಮುಂದೆ ಟ್ಯಾಬ್ ಸೇರಿಸುತ್ತದೆ.

ಹಳೆಯ ನೋಟಿಸು ನುಡಿ ಅಥವಾ ಬರಹದ ಹಳೆ ಫಾಂಟಿನಲ್ಲಿದ್ದರೆ ಅಂಟಿಸಿದಾಗ `PÀ£ÀßqÀ` ಎಂಬ ಥರದ ಅಕ್ಷರಗಳು ಬರುತ್ತವೆ. ಅದು "ಕನ್ನಡ" ಎಂಬ ಪದವೇ, ಆದರೆ ಯೂನಿಕೋಡ್ ಅಲ್ಲ, ಇಂಗ್ಲಿಷ್ ಅಕ್ಷರಗಳಿಗೆ ಕನ್ನಡದ ಚಿತ್ರ ತೊಡಿಸಿದ ಹಳೆಯ ಪದ್ಧತಿ. ಮೊದಲು ಯೂನಿಕೋಡಿಗೆ ಪರಿವರ್ತಿಸಿ, ನಕ್ಷತ್ರಗಳನ್ನು ಆಮೇಲೆ ಹಾಕಿ.

ನಂತರ ಒಂದು ನಕ್ಷತ್ರವೂ ಇಲ್ಲದ ಪ್ರತಿಯನ್ನು ಅನುವಾದಕ್ಕೆ ಕೊಡಿ. ಇದು ನಾನು ಬಹಳ ತಡವಾಗಿ ಕಲಿತ ಪಾಠ. ನಕ್ಷತ್ರ ಸಮೇತ ಕೊಟ್ಟರೆ ಅನುವಾದ ವಾಪಸ್ ಬರುವಾಗ `* Date: *` ಎಂದು ಒಳಗೆ ಜಾಗ ಸೇರಿಕೊಂಡು ಬರುವುದುಂಟು. ಆಗ ದಪ್ಪ ಹೋಯಿತು. ಸಾಲಿನ ತಲೆಗಳಿಗೆ ಮಾತ್ರ ನಕ್ಷತ್ರ ಹಾಕುವ ಪದ್ಧತಿಯಲ್ಲಿ, ಅನುವಾದ ಬಂದ ಮೇಲೆ ಕೈಯಿಂದ ಹಾಕಲು ಒಂದು ನಿಮಿಷ ಸಾಕು. ನಮ್ಮ ನೋಟಿಸಿಗೆ ಬೇಕಾದ್ದು ಆರೇ ಜೋಡಿ.

ಅನುವಾದ ಬಂದ ಕೂಡಲೇ ಸಾಲು ಎಣಿಸಿ. ಖಾಲಿ ಸಾಲು ಬಿಟ್ಟು ಕನ್ನಡದಲ್ಲಿ ಎಂಟು ಇದ್ದರೆ ಇಂಗ್ಲಿಷಿನಲ್ಲೂ ಎಂಟೇ ಇರಬೇಕು. ಒಂದು ಕಡಿಮೆ ಇದ್ದರೆ ಎಲ್ಲೋ ಎರಡು ಸಾಲು ಕೂಡಿಕೊಂಡಿವೆ. ಸಂಖ್ಯೆಗಳನ್ನೂ ನೋಡಿ: 12, 9, 1, 2 ಎಲ್ಲವೂ ತಮ್ಮ ಜಾಗದಲ್ಲಿವೆಯಾ?

ಇಂಗ್ಲಿಷಿನಿಂದ ಕನ್ನಡಕ್ಕೆ ತಂದದ್ದಾದರೆ "ಸಾಫ್ಟ್‌ವೇರ್", "ರ‍್ಯಾಲಿ" ಥರದ ಪದಗಳನ್ನು ಒಮ್ಮೆ ನೋಡಿಬಿಡಿ. ಇವು ಸರಿಯಾಗಿ ಕಾಣಲು ಒಳಗೆ ಕಣ್ಣಿಗೆ ಕಾಣದ ಒಂದು ಗುರುತು ಇರಬೇಕು. "ಸಾಫ್ಟ್‌ವೇರ್" ಪದದಲ್ಲಿ ಅದು ಟ್ ಮತ್ತು ವೇ ಅಂಟದಂತೆ ತಡೆಯುತ್ತದೆ. ಪಠ್ಯ "ಸ್ವಚ್ಛ" ಮಾಡುವ ಕೆಲವು ಸಾಧನಗಳು ಕಾಣದ್ದನ್ನೆಲ್ಲ ಕಸ ಎಂದು ಗುಡಿಸಿಬಿಡುತ್ತವೆ. ಆಗ "ಸಾಫ್ಟ್ವೇರ್" ಎಂದು ವತ್ತು ಕೆಳಗಿಳಿಯುತ್ತದೆ. ಹಾಗಾಗಿದ್ದರೆ ಆ ಪದವನ್ನು ಅಳಿಸಿ ಕೀಬೋರ್ಡಿನಿಂದಲೇ ಮತ್ತೆ ಟೈಪ್ ಮಾಡುವುದು ಸುಲಭ.

ಈಗ ಗ್ರೂಪಿಗೆ ಹಾಕುವ ಮೊದಲು ನಿಮಗೆ ನೀವೇ ಕಳಿಸಿಕೊಳ್ಳಿ. ವಾಟ್ಸಾಪಿನಲ್ಲಿ ನಿಮ್ಮದೇ ಸಂಖ್ಯೆಗೆ ಮೆಸೇಜು ಹಾಕಬಹುದು. ಅಲ್ಲಿ ಒಂದೇ ಒಂದು ನಕ್ಷತ್ರ ಕಣ್ಣಿಗೆ ಕಂಡರೂ ಆ ಜೋಡಿ ಕೆಟ್ಟಿದೆ ಎಂದೇ ಅರ್ಥ. ಮುಚ್ಚುವ ನಕ್ಷತ್ರದ ಹಿಂದೆ ಜಾಗ ಇದೆಯಾ ನೋಡಿ, ಬಹುತೇಕ ಅಲ್ಲೇ ಸಿಕ್ಕಿಬೀಳುತ್ತದೆ. ಸರಿ ಇದ್ದರೆ ಆ ಮೆಸೇಜನ್ನು ಒತ್ತಿ ಹಿಡಿದು ಕಾಪಿ ಮಾಡಿ, ನೋಟ್ಸ್‌ನಲ್ಲಿ ಅಂಟಿಸಿ ನೋಡಿ. ಫೋನಿನಲ್ಲಿ ಹೀಗೆ ಕಾಪಿ ಮಾಡಿದರೆ ನಕ್ಷತ್ರಗಳೂ ಜೊತೆಗೇ ಬರುತ್ತವೆ, ನಿಮ್ಮ ನೋಟಿಸನ್ನು ಕಾಪಿ ಮಾಡುವವರ ಕೈಗೆ ಸಿಗುವುದೂ ಅದೇ.

ಕನ್ನಡ ಮತ್ತು ಇಂಗ್ಲಿಷನ್ನು ಎರಡು ಬೇರೆ ಮೆಸೇಜಾಗಿ ಹಾಕಿ. ಒಂದೇ ಉದ್ದ ಮೆಸೇಜಾದರೆ ವಾಟ್ಸಾಪ್ ಅದನ್ನು ಮಡಚಿ ಅರ್ಧ ಮಾತ್ರ ತೋರಿಸುತ್ತದೆ, ಕೆಳಗಿನ ಭಾಷೆಯವರು ತಮಗೆ ನೋಟಿಸೇ ಬಂದಿಲ್ಲ ಎನ್ನುತ್ತಾರೆ.

ವಾಟ್ಸಾಪಿನ ಹೊರಗೆ

ಟೆಲಿಗ್ರಾಂನಲ್ಲಿ ದಪ್ಪಕ್ಕೆ ಎರಡೆರಡು ನಕ್ಷತ್ರ ಬೇಕು, `**ದಿನ:**` ಎಂದು. ವಾಟ್ಸಾಪಿನ ನೋಟಿಸನ್ನು ಹಾಗೇ ಅಂಟಿಸಿದರೆ ಒಂಟಿ ನಕ್ಷತ್ರಗಳು ಕಾಣುತ್ತವೆ. ನೋಟ್‌ಪ್ಯಾಡ್‌ನಲ್ಲಿ ಪ್ರತಿ `*` ಅನ್ನು `**` ಎಂದು ಬದಲಾಯಿಸಿದರೆ ಆಯಿತು. ಪಟ್ಟಿಗೆ ಕಿರುಗೆರೆ ಬಳಸಿದ್ದರ ಲಾಭ ಇಲ್ಲಿ ಮತ್ತೆ ಸಿಗುತ್ತದೆ, ಬದಲಾವಣೆ ದಪ್ಪಕ್ಕೆ ಮಾತ್ರ ತಗಲುತ್ತದೆ. ಸಿಗ್ನಲ್‌ನಲ್ಲಿ ನಕ್ಷತ್ರದ ಪದ್ಧತಿಯೇ ಇಲ್ಲ. ಪದವನ್ನು ಆಯ್ದುಕೊಂಡು ಮೆನುವಿನಿಂದ ದಪ್ಪ ಮಾಡಬೇಕು.

ಜಾಲತಾಣಗಳಲ್ಲಿ "ಸ್ಟೈಲಿಶ್ ಅಕ್ಷರ" ಮಾಡಿಕೊಡುವ ಸಾಧನಗಳು ಸಿಗುತ್ತವೆ. ಅಲ್ಲಿ ಬರುವ 𝗕𝗼𝗹𝗱 ನಿಜವಾದ ದಪ್ಪ ಅಲ್ಲ, ಗಣಿತದ ಚಿಹ್ನೆಗಳಾಗಿ ಯೂನಿಕೋಡಿಗೆ ಸೇರಿದ ಬೇರೆಯದೇ ಅಕ್ಷರಗಳು. ಎಲ್ಲಿ ಅಂಟಿಸಿದರೂ ದಪ್ಪವಾಗಿ ಕಾಣುತ್ತವೆ, ನಿಜ. ಆದರೆ ಕನ್ನಡಕ್ಕೆ ಅಂಥ ಅಕ್ಷರಗಳೇ ಇಲ್ಲ. ಇಂಗ್ಲಿಷಿಗೆ ಬಳಸಿದರೂ ಕಣ್ಣು ಕಾಣದವರಿಗೆ ಫೋನ್ ಓದಿ ಹೇಳುವಾಗ ಅವು ತಡವರಿಸುತ್ತವೆ ಅಥವಾ ಪೂರ್ತಿ ಬಿಟ್ಟುಹೋಗುತ್ತವೆ.

ಸ್ಮಾರ್ಟ್‌ಫೋನ್ ಇಲ್ಲದವರಿಗೆ ಎಸ್ಸೆಮ್ಮೆಸ್ ಕಳಿಸುವಾಗ ನಕ್ಷತ್ರ ತೆಗೆದುಬಿಡಿ, ಕಿರುಗೆರೆ ಇರಲಿ. ಇಂಗ್ಲಿಷ್ ಎಸ್ಸೆಮ್ಮೆಸ್ ಒಂದಕ್ಕೆ 160 ಅಕ್ಷರ ಹಿಡಿಯುತ್ತದೆ. ಕನ್ನಡದ್ದಾದರೆ 70 ಮಾತ್ರ, ಅದಕ್ಕಿಂತ ಉದ್ದವಾದರೆ 67ರ ತುಂಡುಗಳಾಗುತ್ತದೆ. ಎಣಿಕೆ ನಾವು ಅಂದುಕೊಂಡ ಹಾಗಿಲ್ಲ. "ಭಾನುವಾರ" ನಮಗೆ ನಾಲ್ಕು ಅಕ್ಷರ, ಫೋನಿಗೆ ಏಳು: ಭ, ದೀರ್ಘ, ನ, ಉಕಾರ, ವ, ದೀರ್ಘ, ರ. ಮೊದಲು ಹೇಳಿದ `•` ಚುಕ್ಕಿಯ ತೊಂದರೆಯೂ ಇಲ್ಲೇ. ಪೂರ್ತಿ ಇಂಗ್ಲಿಷಿನ ಎಸ್ಸೆಮ್ಮೆಸ್‌ನಲ್ಲಿ ಅದೊಂದು ಚುಕ್ಕಿ ಇದ್ದರೂ ಮಿತಿ 160ರಿಂದ 70ಕ್ಕೆ ಇಳಿಯುತ್ತದೆ. ಕಿರುಗೆರೆಗೆ ಆ ಶಿಕ್ಷೆ ಇಲ್ಲ. ನಾನು ಎಸ್ಸೆಮ್ಮೆಸ್‌ಗೆ ಇಷ್ಟೇ ಕಳಿಸುತ್ತೇನೆ:

```
ಭಾನುವಾರ ಏಪ್ರಿಲ್ 12
ಬೆಳಿಗ್ಗೆ 9-1 ನೀರು ಇಲ್ಲ
- ಶನಿವಾರ ನೀರು ಹಿಡಿದಿಡಿ
```

ಲಿಫ್ಟ್ ಪಕ್ಕದ ಬೋರ್ಡಿಗೆ ನಮ್ಮ ಸೆಕ್ಯೂರಿಟಿಯವರು ಫೋನ್ ನೋಡಿಕೊಂಡು ಮಾರ್ಕರ್‌ನಲ್ಲಿ ಬರೆಯುತ್ತಾರೆ. ಹಿಂದಿನ ಸಲ ಮೂರು ಸಾಲಿನ ವಾಕ್ಯ ಬರೆಯಲು ಜಾಗ ಸಾಲದೆ ಸಮಯವನ್ನೇ ಬಿಟ್ಟಿದ್ದರು. ಈ ಸಲ "ದಿನ", "ಸಮಯ", "ಎಲ್ಲಿ" ಒಂದರ ಕೆಳಗೆ ಒಂದು ಬರೆದು, ಮೂರರ ಕೆಳಗೂ ತಾವೇ ಗೆರೆ ಎಳೆದಿದ್ದರು.